ಟೊಮೆಟೊ ಮಂಡಿ ದರದ ಡೇಟಾದಲ್ಲಿ ಪೈಥಾನ್ ಪ್ರಾಜೆಕ್ಟ್: ಎಲ್ಲಿಂದ ಶುರು ಮಾಡಲಿ?

ಬಿಸಿಎ ಕೊನೆ ವರ್ಷದ ವಿದ್ಯಾರ್ಥಿನಿ: ಪಾಂಡಾಸ್ ಕಲಿಯಲು ಶುರು ಮಾಡಿ ಮೂರು ತಿಂಗಳಾಯ್ತು. ಟೈಟಾನಿಕ್ ಡೇಟಾ ಕ್ಲಾಸಿನಲ್ಲಿ ಎಲ್ಲರೂ ಮಾಡಿಬಿಟ್ಟಿದ್ದಾರೆ. ಸರ್ಕಾರಿ ಡೇಟಾ ಇಟ್ಟುಕೊಂಡು ಒಂದು ಒಳ್ಳೆ ಪ್ರಾಜೆಕ್ಟ್ ಮಾಡಬೇಕು ಅಂತಿದೆ. ಯಾವುದು ತೆಗೆದುಕೊಳ್ಳಲಿ?

ಡೇಟಾ ಅನಲಿಸ್ಟ್: ಕೋಲಾರದ ಟೊಮೆಟೊ ದರ ತೆಗೆದುಕೊಳ್ಳಿ. ಹಳೆ ತಾರೀಖುಗಳ ದರ ಕೇಂದ್ರ ಸರ್ಕಾರದ ಮಂಡಿ ದರದ ಜಾಲತಾಣ ಅಗ್‌ಮಾರ್ಕ್‌ನೆಟ್‌ನಲ್ಲಿ ಸಿಗುತ್ತದೆ. ಬೆಳೆ, ರಾಜ್ಯ, ಮಾರುಕಟ್ಟೆ, ತಾರೀಖು ಆರಿಸಿ ಇಳಿಸಿಕೊಳ್ಳಬಹುದು. data.gov.in ನಲ್ಲೂ ಮಂಡಿ ದರ ಇದೆ. ಮೊದಲ ಸಲಕ್ಕೆ ಒಂದೇ ಮಾರುಕಟ್ಟೆ, ಒಂದೇ ಬೆಳೆ, 2023ರ ಪೂರ್ತಿ ವರ್ಷ ಸಾಕು. ಆ ವರ್ಷ ಯಾಕೆ ಅಂದರೆ, ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ನಿಮ್ಮ ಗ್ರಾಫ್‌ನಲ್ಲಿ ಜುಲೈನ ಆ ಗುಡ್ಡ ಕಾಣದೇ ಹೋದರೆ ಕೋಡ್‌ನಲ್ಲೇ ಏನೋ ತಪ್ಪಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಉತ್ತರ ಮೊದಲೇ ಅರ್ಧ ಗೊತ್ತಿರುವ ಡೇಟಾ ಕಲಿಯುವವರಿಗೆ ತುಂಬಾ ಒಳ್ಳೆಯದು.

ಎಂಸಿಎ ವಿದ್ಯಾರ್ಥಿ: ಐಪಿಎಲ್ ಮಾಡಿ, ಬಾಲ್ ಬೈ ಬಾಲ್ ಡೇಟಾ ರೆಡಿ ಸಿಗುತ್ತದೆ, ಕ್ಲೀನ್ ಮಾಡುವ ತಲೆನೋವೂ ಕಮ್ಮಿ.

ಡೇಟಾ ಅನಲಿಸ್ಟ್: ಮಾಡಬಹುದು, ತಪ್ಪಿಲ್ಲ. ಆದರೆ ಕ್ಲೀನ್ ಮಾಡುವುದನ್ನೇ ಇವರು ಕಲಿಯಬೇಕಾಗಿರುವುದು ಅಲ್ವಾ. ಇಂಟರ್ವ್ಯೂನಲ್ಲಿ ನಾನು ಕೂತಾಗ ಕೇಳುವುದೂ ಅದನ್ನೇ. ಯಾವ ಸಾಲು ತೆಗೆದುಹಾಕಿದಿರಿ, ಯಾಕೆ ತೆಗೆದಿರಿ?

ಬಿಸಿಎ ವಿದ್ಯಾರ್ಥಿನಿ: ಮೇಡಂ, ಇಳಿಸಿಕೊಂಡೆ. ಮೊದಲು ಬರೀ ಜುಲೈ ತಿಂಗಳ ಫೈಲ್ ಹಾಕಿ ನೋಡಿದೆ. ಗ್ರಾಫ್ ಜನವರಿಯಿಂದ ಡಿಸೆಂಬರ್‌ವರೆಗೂ ಬರುತ್ತಿದೆ! ಜನವರಿ 7, ಫೆಬ್ರವರಿ 7, ಮಾರ್ಚ್ 7 ಅಂತ ಒಂದೊಂದೇ ಚುಕ್ಕೆ. ಫೈಲ್ ತೆರೆದು ನೋಡಿದರೆ ಎಲ್ಲಾ ಜುಲೈನದ್ದೇ.

ಡೇಟಾ ಅನಲಿಸ್ಟ್: 05/07/2023 ಅಂತ ಇರುವುದನ್ನು ಪಾಂಡಾಸ್ ಮೇ 7 ಅಂತ ಓದಿದೆ. ಅದು ತಿಂಗಳನ್ನು ಮುಂದೆ ಇಟ್ಟು ಓದುವ ಅಮೆರಿಕದ ಲೆಕ್ಕ. 13/07 ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಆಗ ಹಳೆ ಪಾಂಡಾಸ್ ಸುಮ್ನೆ ತಿರುಗಿಸಿ ಸರಿಯಾಗಿ ಓದಿಬಿಡುತ್ತದೆ. ಹಾಗಾಗಿ 13ರಿಂದ 31ರವರೆಗೆ ಸರಿ, 1ರಿಂದ 12ರವರೆಗೆ ಬೇರೆ ಬೇರೆ ತಿಂಗಳಿಗೆ ಚದುರಿವೆ. 07/07 ಮಾತ್ರ ಹೇಗೆ ಓದಿದರೂ ಒಂದೇ. ನಿಮ್ಮ ಲ್ಯಾಬ್‌ನಲ್ಲಿ ಹಳೆ ಆವೃತ್ತಿ ಇರಬೇಕು, 2.0 ನಂತರದ್ದಾಗಿದ್ದರೆ ಸಾಮಾನ್ಯವಾಗಿ ಎರರ್ ಕೊಟ್ಟು ನಿಲ್ಲುತ್ತಿತ್ತು. ಪೂರ್ತಿ ವರ್ಷದ ಫೈಲ್ ಹಾಕಿದ್ದರೆ ಇದು ನಿಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ, ಎಲ್ಲಾ ತಿಂಗಳಲ್ಲೂ ಚುಕ್ಕೆ ಇರುತ್ತಿದ್ದವು, ಜುಲೈನ ದರ ಹೋಗಿ ಫೆಬ್ರವರಿಯಲ್ಲಿ ಕೂತಿರುತ್ತಿತ್ತು ಅಷ್ಟೆ. ತಾರೀಖು ಹೇಗಿದೆ ಅಂತ ನೀವೇ ಹೇಳಿಬಿಡಿ. ಕಾಲಂ ಹೆಸರು ನಿಮ್ಮ ಫೈಲ್‌ನಲ್ಲಿ ಇರುವಂತೆ ಬದಲಿಸಿಕೊಳ್ಳಿ.

```python
import pandas as pd

df = pd.read_csv("kolar_tomato.csv")
df["arrival_date"] = pd.to_datetime(
    df["arrival_date"], format="%d/%m/%Y")
df = df.sort_values("arrival_date")
print(df["variety"].value_counts())
```

ಕೊನೆಯ ಸಾಲು ಯಾಕೆ ಅಂದರೆ, ಒಂದೇ ದಿನಕ್ಕೆ ಎರಡು ಮೂರು ತಳಿಯ ಸಾಲುಗಳು ಇರಬಹುದು. ಒಂದು ತಳಿ ಆರಿಸಿಕೊಂಡು ಮುಂದೆ ಹೋಗಿ.

ಟೊಮೆಟೊ ಬೆಳೆಗಾರ, ಮುಳಬಾಗಿಲು ಕಡೆ: ಅಮ್ಮಾ, ನಾಳೆ ಬಾಕ್ಸ್ ಎಷ್ಟಕ್ಕೆ ಹೋಗುತ್ತೆ ಅಂತ ಇದರಲ್ಲಿ ಹೇಳಬಹುದಾ? ನನ್ನದು ಒಂದೂವರೆ ಎಕರೆ ಕೊಯ್ಲಿಗೆ ಬಂದಿದೆ.

ಡೇಟಾ ಅನಲಿಸ್ಟ್: ಅಣ್ಣಾ, ನಾಳೆಯ ದರ ಇದರಿಂದ ಹೇಳಲು ಆಗುವುದಿಲ್ಲ. ಕೋಲಾರದ ಮಾಲು ಬೇರೆ ರಾಜ್ಯಗಳಿಗೂ ಹೋಗುತ್ತದೆ. ಅಲ್ಲಿ ಮಳೆ ಬಂದು ಬೆಳೆ ಹೋದರೆ ಇಲ್ಲಿ ದರ ಏರುತ್ತದೆ, ಆ ಮಳೆ ಈ ಫೈಲ್‌ನಲ್ಲಿ ಇಲ್ಲ. ಆದರೆ ನಿಮ್ಮ ಹತ್ತಿರ ಒಂದು ಕೇಳಬೇಕು. ನೀವು ಬಾಕ್ಸ್ ಲೆಕ್ಕದಲ್ಲಿ ಮಾತಾಡುತ್ತೀರಿ, ಡೇಟಾದಲ್ಲಿ ಕ್ವಿಂಟಾಲ್ ಲೆಕ್ಕ ಇದೆ. ಬಾಕ್ಸ್ 15 ಕೆಜಿಯೇ ತಾನೇ?

ಟೊಮೆಟೊ ಬೆಳೆಗಾರ: ಹೌದು, 15 ಕೆಜಿ. ಹರಾಜು ಬಾಕ್ಸ್ ಮೇಲೇ ನಡೆಯೋದು. ಒಂದೇ ದಿನ ನನ್ನ ಬಾಕ್ಸ್‌ಗೊಂದು ರೇಟು, ಪಕ್ಕದವನ ಬಾಕ್ಸ್‌ಗೊಂದು ರೇಟು. ಗಾತ್ರ, ಬಣ್ಣ, ಗಟ್ಟಿ ನೋಡಿ ಕೂಗ್ತಾರೆ.

ಡೇಟಾ ಅನಲಿಸ್ಟ್: ಇದೇ ಬೇಕಿತ್ತು. ವಿದ್ಯಾರ್ಥಿನಿಗೆ ಹೇಳುತ್ತಿದ್ದೇನೆ, ನೋಡಿ. ಬಾಕ್ಸ್ 2,000 ಅಂದರೆ ಕ್ವಿಂಟಾಲ್‌ಗೆ ಸುಮಾರು 13,333. ಈಗ ಜುಲೈನಲ್ಲಿ ಅಕ್ಕಪಕ್ಕದ ದಿನಗಳೆಲ್ಲ 13,000 ಆಸುಪಾಸು ಇದ್ದು ಮಧ್ಯೆ ಒಂದು ದಿನ 2,000 ಅಂತ ಬಂದಿದೆ ಅಂದುಕೊಳ್ಳಿ. ದರ ಕುಸಿದದ್ದಲ್ಲ ಅದು. ಕ್ವಿಂಟಾಲ್ ದರ ಬರೆಯುವ ಜಾಗದಲ್ಲಿ ಬಾಕ್ಸ್ ದರ ಬರೆದಿರಬಹುದು. ಆ ದಿನದ ದರವನ್ನು ಹಿಂದಿನ ಮುಂದಿನ ದಿನಗಳ ದರದಿಂದ ಭಾಗಿಸಿ ನೋಡಿದರೆ 0.15 ಹತ್ತಿರ ಬರುತ್ತದೆ, ಯಾಕೆಂದರೆ 15 ಕೆಜಿ ಅಂದರೆ ಕ್ವಿಂಟಾಲ್‌ನ 0.15 ಭಾಗ. 0.01 ಹತ್ತಿರ ಬಂದರೆ ಕೆಜಿ ದರ ಬರೆದಿದ್ದಾರೆ. ಯಾವ ಮಂಡಿ ಡೇಟಾ ಹಿಡಿದರೂ ನಾನು ಮೊದಲು ಮಾಡುವ ಪರೀಕ್ಷೆ ಇದು:

```python
mid = df["modal_price"].rolling(7, center=True).median()
df["ratio"] = df["modal_price"] / mid
print(df[(df["ratio"] < 0.33) | (df["ratio"] > 3)])
```

ಸರಾಸರಿ ಬದಲು ಮೀಡಿಯನ್ ಹಾಕಿದ್ದೇನೆ. ತಪ್ಪು ಸಂಖ್ಯೆ ಒಂದು ಇದ್ದರೆ ಸರಾಸರಿಯನ್ನೇ ಎಳೆದುಬಿಡುತ್ತದೆ, ಮೀಡಿಯನ್ ಅಷ್ಟು ಅಲ್ಲಾಡುವುದಿಲ್ಲ. ಸಿಕ್ಕ ಸಾಲುಗಳನ್ನು ಕೂಡಲೇ 0.15ರಿಂದ ಭಾಗಿಸಿ ಸರಿ ಮಾಡಬೇಡಿ. ಅದೇ ದಿನ ಚಿಂತಾಮಣಿ, ಮುಳಬಾಗಿಲು ಮಾರುಕಟ್ಟೆಯಲ್ಲಿ ಎಷ್ಟಿತ್ತು ನೋಡಿ. ಅಲ್ಲೂ ದರ ಬಿದ್ದಿದ್ದರೆ ನಿಜವಾಗಿ ಬಿದ್ದಿದೆ. ಇಲ್ಲದಿದ್ದರೆ ಆ ಸಾಲನ್ನು ಬೇರೆ ತೆಗೆದಿಟ್ಟು ರಿಪೋರ್ಟ್‌ನಲ್ಲಿ ಬರೆಯಿರಿ.

ಎಂಸಿಎ ವಿದ್ಯಾರ್ಥಿ: ಭಾನುವಾರ, ರಜೆ ದಿನಗಳ ಸಾಲೇ ಇಲ್ಲದೇ ಇರಬಹುದು. ಅದಕ್ಕೆ `ffill` ಹಾಕಿ ಹಿಂದಿನ ದಿನದ ದರ ತುಂಬಿಬಿಡಿ, ಮುಗೀತು.

ಡೇಟಾ ಅನಲಿಸ್ಟ್: ಗೆರೆ ಕಡಿಯದಂತೆ ಗ್ರಾಫ್ ಎಳೆಯಲು ಸರಿ. ತಿಂಗಳ ಸರಾಸರಿ ತೆಗೆಯುವಾಗ ಬೇಡ. ಜುಲೈನಂಥ ತಿಂಗಳಲ್ಲಿ ಸತತ ನಾಲ್ಕು ದಿನದ ಸಾಲು ಇಲ್ಲದಿದ್ದರೆ, ಕೊನೆಗೆ ಸಿಕ್ಕ ಒಂದು ದರ ಐದು ಸಲ ಲೆಕ್ಕಕ್ಕೆ ಬರುತ್ತದೆ, ಉಳಿದ ನಾಲ್ಕು ದಿನ ಆ ದರಕ್ಕೆ ಯಾರಾದರೂ ಮಾರಿದ್ದಾರೋ ಇಲ್ಲವೋ ಗೊತ್ತೇ ಇಲ್ಲ. ಆವಕದ ಕಾಲಂಗೆ ಇನ್ನೂ ಕಷ್ಟ. ಮಾರುಕಟ್ಟೆ ಮುಚ್ಚಿದ್ದರೆ ಆವಕ ಸೊನ್ನೆ, ಡೇಟಾ ಹಾಕದೇ ಬಿಟ್ಟಿದ್ದರೆ ಎಷ್ಟು ಬಂತೋ ಗೊತ್ತಿಲ್ಲ. ಫೈಲ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಎಂಸಿಎ ವಿದ್ಯಾರ್ಥಿ: ಹಾಗಾದರೆ ರಜೆ ಪಟ್ಟಿ ಇಟ್ಟುಕೊಂಡು ಆ ದಿನಗಳಿಗೆ ಸೊನ್ನೆ ಹಾಕಬಹುದಲ್ಲಾ?

ಡೇಟಾ ಅನಲಿಸ್ಟ್: ಹಬ್ಬದ ದಿನವೂ ಹರಾಜು ನಡೆದಿದ್ದರೆ? ನಾನಾದರೆ ಖಾಲಿ ಬಿಡುತ್ತೇನೆ. ಇದರಲ್ಲಿ ಎಲ್ಲರೂ ಒಪ್ಪುವ ದಾರಿ ಇಲ್ಲ.

ಬಿಸಿಎ ವಿದ್ಯಾರ್ಥಿನಿ: ತಾರೀಖು ಸರಿಯಾಯ್ತು ಮೇಡಂ, ಜುಲೈ ಗುಡ್ಡ ಬಂತು. ಇನ್ನೊಂದು ಡೌಟು. ತಿಂಗಳ ಸರಾಸರಿಗೆ `modal_price` ಮೇಲೆ `mean()` ಹಾಕಿದರೆ ರೈತರಿಗೆ ಸಿಕ್ಕ ಸರಾಸರಿ ದರ ಅಂತ ಬರೆಯಬಹುದಾ?

ಡೇಟಾ ಅನಲಿಸ್ಟ್: ಬೇಡ. ಮೋಡಲ್ ಅಂದರೆ ಆ ದಿನ ಹೆಚ್ಚು ಮಾಲು ಹೋದ ದರ, ಸರಾಸರಿ ಅಲ್ಲ. ಮೇಲೆ ಅಣ್ಣ ಹೇಳಿದರಲ್ಲ, ಬಾಕ್ಸ್‌ಗೊಂದು ರೇಟು. ಜೊತೆಗೆ `mean()` 100 ಟನ್ ಬಂದ ದಿನವನ್ನೂ 1,000 ಟನ್ ಬಂದ ದಿನವನ್ನೂ ಸಮ ಮಾಡಿಬಿಡುತ್ತದೆ. ಸಾಮಾನ್ಯವಾಗಿ ಆವಕ ಕಮ್ಮಿ ಇದ್ದ ದಿನ ದರ ಜಾಸ್ತಿ ಇರುತ್ತದೆ, ಹಾಗಾದಾಗ ಸರಾಸರಿ ನಿಜಕ್ಕಿಂತ ಮೇಲೆ ಹೋಗುತ್ತದೆ. ದರವನ್ನು ಆವಕದಿಂದ ಗುಣಿಸಿ, ಕೂಡಿಸಿ, ಒಟ್ಟು ಆವಕದಿಂದ ಭಾಗಿಸಿ. ಎರಡೂ ಸಂಖ್ಯೆ ಪಕ್ಕಪಕ್ಕ ಇಡಿ. ಆ ವ್ಯತ್ಯಾಸವೇ ನಿಮ್ಮ ಪ್ರಾಜೆಕ್ಟ್‌ನ ಒಳ್ಳೆ ಭಾಗ ಆಗುತ್ತದೆ.

ಟೊಮೆಟೊ ಬೆಳೆಗಾರ: ಅದರಲ್ಲೂ ಕಮಿಷನ್, ಬಾಡಿಗೆ, ಕೊಯ್ಲಿನ ಕೂಲಿ ಕಳೀಬೇಕಮ್ಮ. ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಬರಲ್ಲ. ಇನ್ನೊಂದು ನೋಡಿ. ರೇಟು ಬಂತು ಅಂತ ಎಲ್ಲರೂ ನಾಟಿ ಮಾಡ್ತಾರೆ. ನಾಟಿ ಮಾಡಿ 60–70 ದಿನಕ್ಕೆ ಮೊದಲ ಕೊಯ್ಲು. ಎಲ್ಲರದ್ದೂ ಒಟ್ಟಿಗೆ ಬಂದು ಬೀಳುತ್ತೆ, ರೇಟು ನೆಲಕ್ಕೆ.

ಬಿಸಿಎ ವಿದ್ಯಾರ್ಥಿನಿ: ಅಂಕಲ್, ಹಾಗಾದರೆ ಇವತ್ತಿನ ದರವನ್ನು 70 ದಿನ ಆದಮೇಲಿನ ಆವಕದ ಜೊತೆ ಹೋಲಿಸಬಹುದಲ್ವಾ?

ಟೊಮೆಟೊ ಬೆಳೆಗಾರ: 70ಕ್ಕೇ ನಿಲ್ಲಿಸಬೇಡಿ. ಸಸಿ ನರ್ಸರಿಯಲ್ಲಿ ಸಿಗೋಕೆ ತಿಂಗಳು ಹಿಡಿಯುತ್ತೆ. ಕೊಯ್ಲೂ ಒಂದೇ ದಿನದ್ದಲ್ಲ.

ಡೇಟಾ ಅನಲಿಸ್ಟ್: ಮಾಡಿ ನೋಡಿ. ವಾರದ ಲೆಕ್ಕಕ್ಕೆ ತಂದು 9ರಿಂದ 18 ವಾರದವರೆಗೆ ಒಂದೊಂದೇ ಸರಿಸಿ ನೋಡಿ. ಇದಕ್ಕೆ ಒಂದು ವರ್ಷ ಸಾಲದು, ಕನಿಷ್ಠ ಐದು ವರ್ಷದ ಡೇಟಾ ಬೇಕು. ಪ್ರತಿ ವಾರದ ಸಂಖ್ಯೆಯಿಂದ, ಎಲ್ಲಾ ವರ್ಷ ಸೇರಿಸಿ ತೆಗೆದ ಅದೇ ವಾರದ ಸರಾಸರಿಯನ್ನು ಮೊದಲು ಕಳೆಯಿರಿ. ಇಲ್ಲದಿದ್ದರೆ ನಿಮಗೆ ಸಿಗುವುದು ಹಂಗಾಮು ಅಷ್ಟೇ, ನಾಟಿಯ ಪರಿಣಾಮ ಅಲ್ಲ. ಏನೂ ಸಿಗದೇ ಹೋಗಬಹುದು, ಸಿಗಲಿಲ್ಲ ಅಂತಲೇ ಬರೆಯಿರಿ.

ಬಿಸಿಎ ವಿದ್ಯಾರ್ಥಿನಿ: 2019ರಿಂದ ಇಳಿಸಿಕೊಳ್ಳುತ್ತಿದ್ದೇನೆ. 2020ರ ಲಾಕ್‌ಡೌನ್ ತಿಂಗಳುಗಳನ್ನು ಇಟ್ಟುಕೊಳ್ಳಲಾ, ಬಿಡಲಾ?