ಬಾಡಿಗೆ ಚೆಕ್ ವಾಪಸ್ ಬಂದೈತೆ, ಮನಸ್ಸು ಕೆಡದಂಗೆ ಹೆಂಗ್ ಕೇಳ್ಲಿ? ಓದುಗರ ಸ್ಪಂದನ

(ದಾವಣಗೆರೆ ನಿಟ್ಟುವಳ್ಳಿಯ ಮನೆ ಓನರ್ ಒಬ್ರು ಕಳೆದ ವಾರ ಕೇಳಿದ್ದು: ನಾಲ್ಕು ವರ್ಷದಿಂದ ಇರೋ ಒಳ್ಳೆ ಬಾಡಿಗೆದಾರರು, 14,000ದ ಚೆಕ್ ಬೌನ್ಸ್ ಆಗೈತೆ, ಏನಂತ ಮೆಸೇಜ್ ಹಾಕೋದು?)

ಅಕ್ಕೋರೆ, ಮೆಸೇಜ್ ಟೈಪ್ ಮಾಡೋಕ್ ಮುಂಚೆ ಬ್ಯಾಂಕಿನೋರು ಚೆಕ್ ಜೊತೆ ಕೊಟ್ಟಿರೋ ರಿಟರ್ನ್ ಮೆಮೋ ತೆಗೆದು ಕಾರಣ ಓದಿ. ನಾನು ಕ್ಲಿಯರಿಂಗ್ ಸೆಕ್ಷನ್ನಲ್ಲೇ ಇದ್ದೋನು, ಬೌನ್ಸ್ ಅಂದ ಕೂಡ್ಲೆ ಜನ ದುಡ್ಡಿಲ್ಲ ಅನ್ಕೊಂಬಿಡ್ತಾರೆ, ಆದ್ರೆ ಸಹಿ ತಾಳೆ ಆಗದೆ, ಅಂಕಿಲಿ ಒಂದು ಅಕ್ಷರದಲ್ಲಿ ಇನ್ನೊಂದು ಬರೆದು ವಾಪಸ್ ಬರೋವೂ ಇರ್ತವೆ. ಫಂಡ್ಸ್ ಇನ್ಸಫಿಶಿಯೆಂಟ್ ಅಂತಿದ್ರೂ ಅವತ್ತೇ ಯಾವ್ದೋ ಇಎಂಐ ಕಟ್ಟಾಗಿರಬೋದು. ಮೆಮೋ ಬಂದ ತಾರೀಕು ಮಾತ್ರ ಕ್ಯಾಲೆಂಡರಲ್ಲಿ ಗುರುತು ಹಾಕ್ಕಳಿ, ಅದು ದುಡ್ಡಿಲ್ಲದ ಕೇಸಾದ್ರೆ ಚೆಕ್ ಬೌನ್ಸ್ ಕೇಸಿಗೆ ಮುಂಚೆ ಕೊಡ್ಬೇಕಾದ ಸೆಕ್ಷನ್ 138ರ ನೋಟಿಸ್ ಕೊಡೋಕೆ ಅಲ್ಲಿಂದ 30 ದಿನ ಅಷ್ಟೇ ಟೈಮು. ಈ ಮಾತು ನಿಮ್ ತಲೇಲಿರ್ಲಿ, ಮೆಸೇಜಲ್ಲಿ ಬ್ಯಾಡ.
– ರಿಟೈರ್ಡ್ ಬ್ಯಾಂಕ್ ನೌಕರ, ಚಿತ್ರದುರ್ಗ

ನಮಗೂ ಹೋದ್ವರ್ಷ ಇದೇ ಆಗಿತ್ತು, ನಾನ್ ಹಾಕಿದ್ದು ಹಿಂಗೆ: "ನಮಸ್ಕಾರ ಸಾರ್, ಜೂನ್ ಬಾಡಿಗೆ ಚೆಕ್ಕು ಸಹಿ ತಾಳೆ ಆಗ್ಲಿಲ್ಲ ಅಂತ ವಾಪಸ್ ಬಂದಿದೆ, ಮೆಮೋ ಫೋಟೋ ಹಾಕಿದೀನಿ. ಶುಕ್ರವಾರದೊಳಗೆ ಈ ಅಕೌಂಟಿಗೆ ಟ್ರಾನ್ಸ್‌ಫರ್ ಮಾಡ್ತೀರಾ? ದುಡ್ಡು ಬಂದ ತಕ್ಷಣ ಹಳೇ ಚೆಕ್ ನಿಮ್ ಕೈಗೇ ಕೊಡ್ತೀನಿ." ಆ ಕೊನೇ ಸಾಲು ಬಿಡಬೇಡಿ, ಯಾಕಂದ್ರೆ ಆ ಚೆಕ್ ನಿಮ್ ಹತ್ರ ಇರೋವರ್ಗೂ ಎಲ್ಲಿ ಮತ್ತೆ ಬ್ಯಾಂಕಿಗೆ ಹಾಕಿ ಎರಡು ಸಲ ದುಡ್ಡು ಹೋಗುತ್ತೋ ಅಂತ ಅವ್ರಿಗೂ ಭಯ ಇರುತ್ತೆ. ಹಂಗಂತ ದುಡ್ಡು ಬರೋಕ್ ಮುಂಚೆ ಕೊಡಲೂಬೇಡಿ. ಅಕೌಂಟ್ ನಂಬರ್ ಟೈಪ್ ಮಾಡೋ ಬದ್ಲು ಪಾಸ್‌ಬುಕ್ಕಿನ ಮೊದಲ್ನೇ ಪುಟದ ಫೋಟೋ ಕಳ್ಸಿ, ಮೊದ್ಲು ಒಂದ್ರೂಪಾಯಿ ಹಾಕಿ ನೋಡಿ ಅನ್ನಿ, ನಮ್ ಬಾಡಿಗೆಯೋರು ಹಂಗೇ ಮಾಡಿ ಆಮೇಲೆ ಮಿಕ್ಕಿದ್ದು ಹಾಕಿದ್ರು. ನಮ್ ಬ್ಯಾಂಕು ಚೆಕ್ ವಾಪಸ್ಸಿಗೆ ಅಂತ ನನ್ ಅಕೌಂಟಲ್ಲೇ 177 ಹಿಡ್ಕಂಡಿತ್ತು, ಅದನ್ನ ನಾನು ಕೇಳ್ಲಿಲ್ಲ, ಚೆಕ್ ವಾಪಸ್ ಕೊಡೋವಾಗ ಅವ್ರೇ ಇನ್ನೂರು ಕೊಟ್ರು.
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ನಾನು ಬಾಡಿಗೆಗಿರೋನು, ಅದಕ್ಕೇ ಹೇಳ್ತೀನಿ, ಮೆಸೇಜಿಗಿಂತ ಮುಂಚೆ ಒಂದ್ ಫೋನ್ ಮಾಡಿ. ಈಗಿನ ಕಾಲದಲ್ಲಿ ಏಕಾಏಕಿ ಹೊಸ ಅಕೌಂಟ್ ನಂಬರ್ ಬಂದ್ರೆ ಯಾವನೋ ಓನರ್ ಹೆಸರಲ್ಲಿ ಟೋಪಿ ಹಾಕ್ತಿದಾನೆ ಅನ್ಸುತ್ತೆ ನಂಗೆ. ಇನ್ನೊಂದು, ಬಿಲ್ಡಿಂಗ್ ಗ್ರೂಪಲ್ಲಿ ಮಾತ್ರ ಹಾಕ್ಬೇಡಿ. ನಮ್ ಹಳೇ ಓನರ್ ಹಂಗ್ ಹಾಕಿದ್ರು, ಮಾರನೇ ದಿನ್ವೇ ದುಡ್ಡು ಹಾಕ್ದೆ, ಎರಡ್ ತಿಂಗ್ಳಿಗೆ ಮನೇನೂ ಖಾಲಿ ಮಾಡ್ದೆ.
– ಓದುಗ, ಚಳ್ಳಕೆರೆ