ಕತ್ತರಿಸಿದ ಚಿತ್ರದ ಸುತ್ತ ಉಳಿಯುವ ಬಿಳಿ ಗೆರೆಗೆ ಏನನ್ನೋಣ?

ಫೋಟೋ ತಿದ್ದುವ ಬಗ್ಗೆ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಒಂದು ಪದಕ್ಕೆ ಬಂದು ನಿಂತಿದ್ದೇನೆ. ಬಿಳಿ ಗೋಡೆಯ ಮುಂದೆ ನಿಂತವರ ಫೋಟೋ. ಹಿನ್ನೆಲೆ ಕತ್ತರಿಸಿ ತೆಗೆದೆ. ಬಿಳಿ ಪುಟದ ಮೇಲೆ ಚೆನ್ನಾಗೇ ಇತ್ತು. ಕಪ್ಪು ಪುಟದ ಮೇಲೆ ಇಟ್ಟರೆ ಕೂದಲು, ಭುಜದ ಸುತ್ತ ತೆಳುವಾದ ಬಿಳಿ ಗೆರೆ. ಇಂಗ್ಲಿಷಿನಲ್ಲಿ ಹೇಲೋ ಅಂತಾರೆ, ಫ್ರಿಂಜ್ ಅಂತಲೂ ಅಂತಾರೆ. ನಾನು 'ಪ್ರಭಾವಳಿ' ಎಂದು ಬರೆದೆ. ಓದಿದ ಗೆಳತಿ, "ಇದೇನು, ದೇವರ ಫೋಟೋನಾ?" ಎಂದು ನಕ್ಕಳು. ಬೇರೆ ಪದ ಇದೆಯಾ?

— ಚಂದ್ರನ ಸುತ್ತ ಕಾಣುವ ಬಳೆಗೆ 'ಪರಿವೇಷ' ಎನ್ನುತ್ತೇವೆ. ಅದನ್ನೇ ಬಳಸಬಹುದು. ಅಂದ ಹಾಗೆ ಆ ಗೆರೆ ಹೋಗಬೇಕಾದರೆ ಅಂಚನ್ನು ಮಸುಕಾಗಿಸುವ ಫೆದರ್ ಸ್ವಲ್ಪ ಜಾಸ್ತಿ ಮಾಡಿ, ಅಷ್ಟೇ.

— ಪರಿವೇಷ ಸುಂದರವಾದ ಪದ, ಆದರೆ ಇಲ್ಲಿಗೆ ಒಪ್ಪುವುದಿಲ್ಲ. ಫೆದರ್ ಮಾತಂತೂ ತಿರುಗುಮುರುಗು: ಅಂಚು ಹೊರಕ್ಕೂ ಹರಡಿ ಗೋಡೆ ಇನ್ನಷ್ಟು ಒಳಗೆ ಬರುತ್ತದೆ. ಮೊದಲು ಆಯ್ಕೆಯನ್ನು 1 ಪಿಕ್ಸೆಲ್ ಒಳಕ್ಕೆ ತಂದರೆ ಮಾತ್ರ ಅದರಿಂದ ಉಪಯೋಗ.

ಲೆಕ್ಕ ಹಾಕಿ ನೋಡಿ. ಅಚ್ಚ ಕಪ್ಪು 0, ಅಚ್ಚ ಬಿಳಿ 255 ಎಂದಿಟ್ಟುಕೊಂಡರೆ ಕೂದಲಿನ ಬಣ್ಣ 40, ಗೋಡೆ 255. ಅಂಚಿನ ಪಿಕ್ಸೆಲ್‌ನಲ್ಲಿ ಎರಡೂ ಅರ್ಧರ್ಧ ಬೆರೆತು ಸುಮಾರು 148. ಕತ್ತರಿಸಿದಾಗ ಅದು ಅರ್ಧ ಪಾರದರ್ಶಕ ಆಗುತ್ತದೆ, ಬಣ್ಣ ಮಾತ್ರ 148 ಆಗಿಯೇ ಉಳಿಯುತ್ತದೆ. 20ರ ಕಪ್ಪು ಪುಟದ ಮೇಲೆ ಅದು 84 ಆಗಿ ಕಾಣುತ್ತದೆ. ಕಾಣಬೇಕಾಗಿದ್ದು 30. ಅಂದರೆ ಇದು ಬೆಳಕಲ್ಲ, ಗೋಡೆಯ ಚೂರು. ಹಾಗಾಗಿ ಪದವೂ 'ಅಂಟಿಕೊಂಡದ್ದು' ಎನ್ನುವ ಕಡೆಯಿಂದ ಬರಬೇಕು.

ಫೋಟೋಶಾಪ್‌ನಲ್ಲಿ ಮಾಸ್ಕ್ ಅಪ್ಲೈ ಮಾಡಿ, `Layer > Matting > Remove White Matte` ಕೊಡಿ. ಬಿಳಿಯ ಪಾಲನ್ನು ಅದು ಬಣ್ಣದಿಂದ ಕಳೆಯುತ್ತದೆ. ಗೋಡೆ ಅಚ್ಚ ಬಿಳಿ ಇಲ್ಲದೆ ನೆರಳು ಬಿದ್ದಿದ್ದರೆ ಲೆಕ್ಕ ತಪ್ಪುತ್ತದೆ. ಆಗ ಅದೇ ಮೆನುವಿನ `Defringe`, 1 ಪಿಕ್ಸೆಲ್. ಇದು ಒಳಗಿನ ಬಣ್ಣವನ್ನು ಅಂಚಿಗೆ ಎಳೆದು ತರುತ್ತದೆ. 3–4 ಕೊಟ್ಟರೆ ಬಿಡಿ ಕೂದಲಿನ ಎಳೆಗಳು ಮುದ್ದೆಯಾಗುತ್ತವೆ.

— ನನಗೂ ಇದೇ ತೊಂದರೆ! ಆದರೆ ನಾನು ಏನನ್ನೂ ಕತ್ತರಿಸಿಲ್ಲ. ಆಕಾಶದ ಎದುರು ಇರುವ ಕಟ್ಟಡದ ಸುತ್ತ ಬಿಳಿ ಪಟ್ಟಿ ಬಂದಿದೆ.

— ನಿಮ್ಮದು ಶಾರ್ಪನ್ ಜಾಸ್ತಿಯಾಗಿ ಬಂದದ್ದು ಇರಬೇಕು. ಅದರ ರೇಡಿಯಸ್ ಇಳಿಸಿ ನೋಡಿ. ಅದಕ್ಕೆ ಬೇಕಾದರೆ 'ಪರಿವೇಷ' ಇಟ್ಟುಕೊಳ್ಳೋಣ, ಎರಡಕ್ಕೂ ಒಂದೇ ಪದ ಬೇಡ.

— ಹಾಗಿದ್ದರೆ 'ಅಂಚುಗರೆ'? ಕರೆ ಅಂದರೆ ಅಂಚೂ ಹೌದು, ಕಲೆಯೂ ಹೌದು.

— ಚೆನ್ನಾಗಿದೆ. ಆದರೆ ಕರೆ ಅಂದ ಕೂಡಲೇ ನನಗೆ ಕಪ್ಪು ಕಲೆ ನೆನಪಾಗುತ್ತದೆ. ಇದು ಬಿಳಿ, ಅಲ್ವಾ? ಸುಮ್ನೆ 'ಅಂಚಿನ ಕೊಳೆ' ಅಂದರೆ ಆಗದಾ?

— ಪ್ರಶ್ನೆ ಕೇಳಿದವಳು ನಾನೇ. `Remove White Matte` ಮಾಡಿದೆ, ಭುಜ ಸರಿಹೋಯಿತು. ಕಿವಿಯ ಹಿಂದೆ ನೆರಳಿದ್ದ ಕಡೆ ಬೂದು ಗೆರೆ ಇನ್ನೂ ಇದೆ, ಅಷ್ಟಕ್ಕೆ `Defringe` ಕೊಡುತ್ತೇನೆ. ಈ ಕರಡಿನಲ್ಲಿ 'ಅಂಚುಗರೆ' ಎಂದೇ ಬರೆದಿದ್ದೇನೆ. 'ಅಂಚಿನ ಕೊಳೆ'ಯನ್ನೂ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡಿದ್ದೇನೆ.