‘ಉಳಿಕೆ’ ಎಂದರೆ ಯಾವುದರ ಉಳಿಕೆ? ತ್ರೈಮಾಸಿಕ ಹಣಕಾಸು ವರದಿಯ ಒಂದು ಕಾಲಮ್ಮಿನ ಬಗ್ಗೆ

ಜಯನಗರದಿಂದ, ಪ್ರಶ್ನೆ:

ಮಾನ್ಯರೆ,

ಆನೇಕಲ್ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಪುಟ್ಟ ಗ್ರಂಥಾಲಯಗಳನ್ನು ನಡೆಸುವ ಸಂಸ್ಥೆಯೊಂದರಲ್ಲಿ ವರದಿ ಬರೆಯುವ ಕೆಲಸ ನನ್ನದು. ನಮಗೆ ಹಣ ಕೊಡುವ ಟ್ರಸ್ಟಿನ ಹಿರಿಯರು ಕನ್ನಡದಲ್ಲಿಯೇ ಓದಲು ಬಯಸುವುದರಿಂದ, ಮೂರು ತಿಂಗಳಿಗೊಮ್ಮೆ ಕಳಿಸುವ ಹಣಕಾಸು ಪ್ರಗತಿ ವರದಿಯನ್ನು ನಾವು ಕನ್ನಡದಲ್ಲಿ ಸಿದ್ಧಪಡಿಸುತ್ತೇವೆ. ಪ್ರತಿ ಬಾಬ್ತಿನ ಎದುರು ನಾಲ್ಕು ಕಾಲಮ್ಮುಗಳಿರುತ್ತವೆ: ಈವರೆಗಿನ ಬಜೆಟ್, ಈವರೆಗಿನ ಖರ್ಚು, ಉಳಿಕೆ, ಮುಂದಿನ ತ್ರೈಮಾಸಿಕದ ಅಂದಾಜು.

ಸೆಪ್ಟೆಂಬರ್ ಕೊನೆಯ ವರದಿಯಲ್ಲಿ ‘ಪುಸ್ತಕ ಮತ್ತು ಕಪಾಟು’ ಎಂಬ ಬಾಬ್ತಿನಲ್ಲಿ ಬಜೆಟ್ 2,00,000 ರೂಪಾಯಿ, ಖರ್ಚು 80,000 ರೂಪಾಯಿ, ಉಳಿಕೆ 1,20,000 ರೂಪಾಯಿ ಎಂದು ಬರೆದಿದ್ದೆ. ಬೇರೆ ಬಾಬ್ತುಗಳಲ್ಲಿ ಬಜೆಟ್ಟಿಗೆ ಸರಿಯಾಗಿ 3,40,000 ಖರ್ಚಾಗಿತ್ತು. ಮುಂದಿನ ಕಂತು ಬಂದಾಗ ನೋಡಿದರೆ, ಅಕ್ಟೋಬರ್–ಡಿಸೆಂಬರ್ ಅವಧಿಗೆ ಮೊದಲೇ ಒಪ್ಪಿದ್ದ 2,70,000 ರೂಪಾಯಿಯಲ್ಲಿ 1,20,000 ಕಡಿತವಾಗಿ 1,50,000 ಮಾತ್ರ ಬಂದಿತ್ತು. ಕೇಳಿದ್ದಕ್ಕೆ, “ನೀವೇ ಉಳಿದಿದೆ ಎಂದು ಬರೆದಿದ್ದೀರಲ್ಲ, ಅದನ್ನು ಮೊದಲು ಬಳಸಿ” ಎಂಬ ಉತ್ತರ ಬಂದಿತು. ಆದರೆ ಬ್ಯಾಂಕಿನಲ್ಲಿ ನಮ್ಮ ಬಳಿ ಇದ್ದದ್ದು 80,000 ರೂಪಾಯಿ ಮಾತ್ರ. ‘ಉಳಿಕೆ’ ತಪ್ಪು ಪದವೇ? ‘ವ್ಯತ್ಯಾಸ’ ಎನ್ನಬೇಕಿತ್ತೇ? ‘ಅಂದಾಜು’ ಎಂಬುದಾದರೂ ಸರಿಯೇ? ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ರಾಜಾಜಿನಗರದಿಂದ:

‘ಉಳಿಕೆ’ ಬಿಟ್ಟು ‘ಉಳಿತಾಯ’ ಎಂದು ಬರೆಯಿರಿ. ಸರ್ಕಾರದ ಧನವಿನಿಯೋಗ ಲೆಕ್ಕಗಳಲ್ಲಿ ಖರ್ಚಾಗದ ಅನುದಾನವನ್ನು ಉಳಿತಾಯ ಎಂದೇ ಕರೆಯುತ್ತಾರೆ. ಇನ್ನು ‘ಅಂದಾಜು’ ಅಚ್ಚುಕಟ್ಟಾದ ಪದ. ಬಜೆಟ್ಟಿಗೂ ಮುಂದಿನ ಖರ್ಚಿಗೂ ಅದೊಂದೇ ಸಾಕು. ಪದ ಹೆಚ್ಚಾದಷ್ಟೂ ಓದುವವರು ಗೊಂದಲಕ್ಕೆ ಬೀಳುತ್ತಾರೆ.

ಬಸವನಗುಡಿಯಿಂದ:

ರಾಜಾಜಿನಗರದ ಮಿತ್ರರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಲೆಕ್ಕಪತ್ರದ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು ನಾನು. ಧನವಿನಿಯೋಗ ಲೆಕ್ಕಗಳಲ್ಲಿ ಉಳಿತಾಯ ಎಂಬ ಮಾತು ಬಳಕೆಯಲ್ಲಿರುವುದು ಸರಿಯೇ. ಆದರೆ ಅಲ್ಲಿ ಅದಕ್ಕೆ ಜಾಣತನದಿಂದ ಹಣ ಮಿಗಿಸಿದರು ಎಂಬ ಅರ್ಥವಿಲ್ಲ. ಕಾಮಗಾರಿ ಶುರುವೇ ಆಗದೆ ಹಣ ಹಾಗೆಯೇ ಬಿದ್ದಿದ್ದರೂ ಅದು ಉಳಿತಾಯವೇ. ಆ ಕಾಗದಗಳನ್ನು ಓದುವವರಿಗೆ ಇದು ಗೊತ್ತಿರುತ್ತದೆ. ಟ್ರಸ್ಟಿನ ಹಿರಿಯರು ಮನೆಖರ್ಚಿನ ಅರ್ಥದಲ್ಲಿಯೇ ಓದುತ್ತಾರೆ. ‘ಉಳಿತಾಯ’ ಎಂದು ಬರೆದಿದ್ದರೆ ನಿಮಗೆ ಇನ್ನೂ ಹೆಚ್ಚು ತೊಂದರೆಯಾಗುತ್ತಿತ್ತು.

ನಿಮ್ಮ 1,20,000 ರೂಪಾಯಿಯೊಳಗೆ ಏನೇನಿದೆ ಎಂಬುದು ತಿಳಿಯದೆ ಪದ ಆರಿಸುವುದು ಕಷ್ಟ. ಕಪಾಟುಗಳಿಗೆ ಆರ್ಡರ್ ಕೊಟ್ಟಿದ್ದಿರಾ? ಪುಸ್ತಕಗಳಿಗೆ ರಿಯಾಯಿತಿ ಸಿಕ್ಕಿತ್ತೇ? ದಯವಿಟ್ಟು ಬಿಡಿಸಿ ಬರೆಯಿರಿ.

ಜಯನಗರದಿಂದ:

ಸರ್, ಬಡಗಿಗೆ ಸೆಪ್ಟೆಂಬರ್ ಎರಡನೇ ವಾರದಲ್ಲಿ 90,000 ರೂಪಾಯಿಯ ಕಪಾಟುಗಳಿಗೆ ಬರಹದಲ್ಲಿ ಆರ್ಡರ್ ಕೊಟ್ಟಿದ್ದೆವು. ಕಪಾಟುಗಳು ಅಕ್ಟೋಬರ್ ಮಧ್ಯದಲ್ಲಿ ಬಂದವು. ಪುಸ್ತಕಗಳನ್ನು ಒಟ್ಟಿಗೆ ಕೊಂಡದ್ದರಿಂದ 30,000 ರೂಪಾಯಿ ನಿಜವಾಗಿಯೂ ಕಡಿಮೆಯಾಯಿತು. ಅಲ್ಲಿಯವರೆಗೆ ಟ್ರಸ್ಟಿನಿಂದ ನಮಗೆ ಬಂದ ಒಟ್ಟು ಹಣ 5,00,000, ನಮ್ಮ ಒಟ್ಟು ಖರ್ಚು 4,20,000.

ಬಸವನಗುಡಿಯಿಂದ:

ಈಗ ಚಿತ್ರ ಸ್ಪಷ್ಟವಾಯಿತು. ‘ಉಳಿಕೆ’ ಎಂಬ ಒಂದೇ ಪದದ ಕೆಳಗೆ ನೀವು ಮೂರು ಬೇರೆ ಬೇರೆ ಸಂಗತಿಗಳನ್ನು ಕೂರಿಸಿದ್ದೀರಿ, ಓದಿದವರು ನಾಲ್ಕನೆಯದನ್ನು ಕಂಡಿದ್ದಾರೆ.

ಮೊದಲನೆಯದು, ಯೋಜಿಸಿದ್ದಕ್ಕಿಂತ 1,20,000 ಕಡಿಮೆ ಖರ್ಚಾಗಿದೆ ಎಂಬುದು. ಇದು ಎರಡು ಸಂಖ್ಯೆಗಳ ನಡುವಿನ ಅಂತರವೇ ಹೊರತು ಎಲ್ಲಿಯೋ ಇಟ್ಟಿರುವ ಹಣವಲ್ಲ. ಇದಕ್ಕೆ ‘ವ್ಯತ್ಯಾಸ’ ಸರಿಯಾದ ಪದ, ಆದರೆ ಅದಕ್ಕೆ ದಿಕ್ಕಿಲ್ಲ. ಹೆಚ್ಚೋ ಕಡಿಮೆಯೋ ಎಂಬುದನ್ನು ಓದುವವರು ಊಹಿಸಬೇಕಾಗುತ್ತದೆ, ಮೈನಸ್ ಗುರುತು ಹಾಕಿದರೆ ಕೆಲವರು ಅದನ್ನು ಕೊರತೆ ಎಂದು ಓದುತ್ತಾರೆ. ಆದ್ದರಿಂದ ‘ಬಜೆಟ್ಟಿಗಿಂತ ಕಡಿಮೆ ಅಥವಾ ಹೆಚ್ಚು ಖರ್ಚು’ ಎಂದು ತಲೆಬರಹ ಕೊಟ್ಟು, ಪ್ರತಿ ಸಂಖ್ಯೆಯ ಪಕ್ಕದಲ್ಲಿ ‘ಕಡಿಮೆ’, ‘ಹೆಚ್ಚು’ ಎಂದು ಅಕ್ಷರದಲ್ಲಿ ಬರೆಯುವುದು ಲೇಸು.

ಎರಡನೆಯದು ಬಡಗಿಗೆ ಮಾತು ಕೊಟ್ಟಿರುವ 90,000. ಅದು ಇನ್ನೂ ಖರ್ಚಾಗಿಲ್ಲ, ಆದರೂ ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಮೂರನೆಯದು ನಿಜವಾಗಿ ಮಿಕ್ಕ 30,000. ‘ಉಳಿತಾಯ’ ಎಂಬ ಮಾತು ಸಲ್ಲುವುದು ಇದಕ್ಕೆ ಮಾತ್ರ. ಇದನ್ನು ಮರಳಿಸಬೇಕೇ, ಬೇರೆ ಬಾಬ್ತಿಗೆ ಒಯ್ಯಬಹುದೇ ಎಂಬುದನ್ನು ಒಪ್ಪಂದ ನೋಡಿ, ಅನುಮತಿ ಕೇಳಿ ತೀರ್ಮಾನಿಸಬೇಕು.

ನಾಲ್ಕನೆಯದು ಕೈಯಲ್ಲಿರುವ ಹಣ, ಅಂದರೆ ಬಂದ 5,00,000 ದಲ್ಲಿ ಖರ್ಚಾದ 4,20,000 ಕಳೆದು ನಿಂತ 80,000. ನಮ್ಮ ಪಂಚಾಯಿತಿ ಲೆಕ್ಕಗಳಲ್ಲಿ ಇದಕ್ಕೆ ‘ಶಿಲ್ಕು’ ಎಂಬ ಪದ ಹಿಂದಿನಿಂದಲೂ ಇದೆ: ಆರಂಭ ಶಿಲ್ಕು, ಅಂತಿಮ ಶಿಲ್ಕು. ಕಂತಿನಲ್ಲಿ ಕಳೆಯಬೇಕಾದದ್ದು ಶಿಲ್ಕನ್ನೇ ಹೊರತು ಬಜೆಟ್ಟಿನ ವ್ಯತ್ಯಾಸವನ್ನಲ್ಲ, ಏಕೆಂದರೆ ಬಜೆಟ್ ಕಾಗದದ ಮೇಲಿನ ಒಪ್ಪಿಗೆ ಮಾತ್ರ. ಬಿಡುಗಡೆಯಾಗದ ಹಣ ಉಳಿಯುವ ಪ್ರಶ್ನೆಯೇ ಇಲ್ಲ.

ಕೋರಮಂಗಲದಿಂದ:

ಹಿರಿಯರ ಮಾತಿಗೆ ಪೂರಕವಾಗಿ ಮುಂದಿನ ತ್ರೈಮಾಸಿಕದ ಲೆಕ್ಕವನ್ನೂ ಮಾಡಿ ತೋರಿಸುತ್ತೇನೆ. ನಾನು ಇಂತಹ ಸಂಸ್ಥೆಯೊಂದರಲ್ಲಿ ಲೆಕ್ಕ ನೋಡಿಕೊಳ್ಳುವವಳು. ನಿಮಗೆ ಮೊದಲೇ ಒಪ್ಪಿದ್ದ 2,70,000 ದಲ್ಲಿ ಕಪಾಟಿನ 90,000 ಸೇರಿಲ್ಲ, ಏಕೆಂದರೆ ಅದು ಹಿಂದಿನ ಅವಧಿಯ ಬಜೆಟ್ಟಿನಲ್ಲಿತ್ತು. ಆದ್ದರಿಂದ ನಿರೀಕ್ಷಿತ ಖರ್ಚು 3,60,000. ಅದರಲ್ಲಿ ಶಿಲ್ಕು 80,000 ಕಳೆದರೆ ನೀವು ಕೇಳಬೇಕಾಗಿದ್ದದ್ದು 2,80,000. ಬಂದದ್ದು 1,50,000. ಅಂದರೆ ನಿಮಗೆ 1,30,000 ರೂಪಾಯಿ ಕೊರತೆ ಬಿದ್ದಿದೆ.

ನೀವು ಕೊನೆಯ ಕಾಲಮ್ಮಿನಲ್ಲಿ ಹಳೆಯ 2,70,000 ವನ್ನೇ ನಕಲು ಮಾಡಿದ್ದಿರೆಂದು ಊಹಿಸುತ್ತೇನೆ. ಬಹಳ ಕಡೆ ಹೀಗೆಯೇ ಆಗುತ್ತದೆ. ಗುರುತಿಸುವುದೂ ಸುಲಭ: ಹಿಂದಿನ ಅವಧಿಯಲ್ಲಿ ಕಡಿಮೆ ಖರ್ಚಾಗಿದ್ದರೂ ಮುಂದಿನದರ ಸಂಖ್ಯೆ ಒಂದು ರೂಪಾಯಿಯೂ ಬದಲಾಗದೆ ಬಜೆಟ್ಟಿನಲ್ಲಿದ್ದಂತೆಯೇ ಇರುತ್ತದೆ. ಆ ಕಾಲಮ್ಮು ಬಜೆಟ್ಟಿನ ನಕಲಾಗಬಾರದು. ಇಂದು ತಿಳಿದಿರುವುದನ್ನು ಇಟ್ಟುಕೊಂಡು ಹೊಸದಾಗಿ ಲೆಕ್ಕ ಹಾಕಬೇಕು.

‘ಅಂದಾಜು’ ಬೇಡ ಎನ್ನುವುದಕ್ಕೆ ನನ್ನ ಕಾರಣವೂ ಇದೇ. ರಾಜ್ಯದ ಆಯವ್ಯಯದಲ್ಲಿ ಬಜೆಟ್ಟೇ ಆಯವ್ಯಯ ಅಂದಾಜು, ತಿದ್ದಿದ್ದು ಪರಿಷ್ಕೃತ ಅಂದಾಜು. ಎರಡಕ್ಕೂ ಒಂದೇ ಪದ ಬಳಸಿದರೆ ನಕಲು ಮಾಡಲು ನಾವೇ ದಾರಿ ತೋರಿಸಿದಂತೆ. ‘ನಿರೀಕ್ಷಿತ ಖರ್ಚು’ ಎನ್ನಿ. ‘ಮುನ್ಸೂಚನೆ’ ಎಂದು ಒಬ್ಬರು ಬರೆದದ್ದನ್ನು ಓದಿದ್ದೇನೆ, ಮಳೆ ಬರುವ ಹಾಗೆ ಕೇಳಿಸಿತು.

ಕೆಂಗೇರಿಯಿಂದ:

ನಮ್ಮದು ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟ. ನಮ್ಮಲ್ಲಿಯೂ ಇದೇ ತೊಂದರೆ. ಹಣ ಬಳಕೆ ಪ್ರಮಾಣಪತ್ರದಲ್ಲಿ ನಾವು 60,000 ಖರ್ಚು ಎಂದು ತೋರಿಸಿದ್ದನ್ನು ಆಡಿಟರು ಒಪ್ಪಲಿಲ್ಲ. ಊರೂರು ತಿರುಗುವ ಕಾರ್ಯಕರ್ತೆಯರಿಗೆ ತರಬೇತಿಗೆಂದು ಕೊಟ್ಟ ಹಣ ಅದು. ಕೊಟ್ಟ ಮೇಲೆ ಕೊಟ್ಟಂತೆಯೇ ಅಲ್ಲವೇ? ಇದಕ್ಕೆ ಯಾವ ಪದ ಬಳಸಿದರೆ ಆಡಿಟರು ಒಪ್ಪುತ್ತಾರೆ?

ಕೋರಮಂಗಲದಿಂದ:

ಮೇಡಂ, ನಿಮ್ಮ ಪ್ರಶ್ನೆ ಬೇರೆ, ಅದು ಪದ ಬದಲಿಸಿದರೆ ಸರಿಹೋಗುವಂಥದ್ದಲ್ಲ. ಕಾರ್ಯಕರ್ತೆಯರಿಗೆ ಕೊಟ್ಟದ್ದು ಮುಂಗಡ. ಅವರು ಬಿಲ್ಲು, ಓಚರ್ ತಂದು ಲೆಕ್ಕ ಒಪ್ಪಿಸಿದ ದಿನ, ಒಪ್ಪಿಸಿದಷ್ಟು ಮಾತ್ರ ಖರ್ಚಾಗುತ್ತದೆ. ಅಲ್ಲಿಯವರೆಗೆ ಅದು ಸಂಘಕ್ಕೆ ಬರಬೇಕಾದ ಹಣವೇ. ಜಯನಗರದವರು ಬಡಗಿಗೆ ಮುಂಗಡ ಕೊಟ್ಟಿದ್ದರೆ ಅವರಿಗೂ ಇದೇ ಮಾತು ಅನ್ವಯಿಸುತ್ತಿತ್ತು, ಬ್ಯಾಂಕಿನಲ್ಲಿರುವುದಕ್ಕೂ ವರದಿಯ ಶಿಲ್ಕಿಗೂ ತಾಳೆಯಾಗುತ್ತಿರಲಿಲ್ಲ, ಆ ಮುಂಗಡವನ್ನು ಬೇರೆ ಸಾಲಿನಲ್ಲಿ ತೋರಿಸಬೇಕಾಗುತ್ತಿತ್ತು.

ಜಯನಗರದಿಂದ:

ಇಬ್ಬರಿಗೂ ಕೃತಜ್ಞತೆಗಳು. ಕೊನೆಯ ಕಾಲಮ್ಮನ್ನು ನಕಲು ಮಾಡಿದ್ದು ನಿಜ, ಒಪ್ಪಿಕೊಳ್ಳುತ್ತೇನೆ. ಇನ್ನೊಂದು ಸಂದೇಹ: ಆರ್ಡರ್ ಕೊಟ್ಟ 90,000 ಕ್ಕೆ ಪ್ರತ್ಯೇಕ ಕಾಲಮ್ಮು ಮಾಡಿ ‘ಬದ್ಧ ವೆಚ್ಚ’ ಎಂದು ಹೆಸರಿಡಬಹುದೇ?

ಬಸವನಗುಡಿಯಿಂದ:

ಕಾಲಮ್ಮು ಮಾಡಿ, ಆ ಹೆಸರು ಬೇಡ. ರಾಜ್ಯದ ಹಣಕಾಸಿನ ಮಾತಿನಲ್ಲಿ ಬದ್ಧ ವೆಚ್ಚವೆಂದರೆ ಸಂಬಳ, ಪಿಂಚಣಿ, ಬಡ್ಡಿ ಎಂದು ತಪ್ಪಿಸಲಾಗದ ಖರ್ಚುಗಳು. ಪತ್ರಿಕೆ ಓದುವವರು ಹಾಗೆಯೇ ಅರ್ಥ ಮಾಡಿಕೊಳ್ಳುತ್ತಾರೆ. ‘ಪಾವತಿ ಬಾಕಿ’ಯೂ ಸಲ್ಲದು. ಕಪಾಟು ಬಂದಿಳಿದು ಬಿಲ್ಲು ಮಾತ್ರ ಉಳಿದಿದ್ದರೆ ಬಾಕಿ ಎನ್ನಬಹುದು. ಸೆಪ್ಟೆಂಬರ್ 30 ರಂದು ನಿಮ್ಮ ಕಪಾಟುಗಳು ಇನ್ನೂ ಮರವಾಗಿಯೇ ಇದ್ದವು. ‘ಆರ್ಡರ್ ಕೊಟ್ಟದ್ದು, ಸಾಮಾನು ಬರಬೇಕಾದದ್ದು’ ಎಂದು ಉದ್ದವಾಗಿಯೇ ಬರೆಯಿರಿ.

ಕೋರಮಂಗಲದಿಂದ:

ಇಲ್ಲಿ ಒಂದು ತಕರಾರು, ಸರ್. ಕಪಾಟು ಸೆಪ್ಟೆಂಬರ್ 28 ರಂದೇ ಬಂದು ಬಿಲ್ಲು ಅಕ್ಟೋಬರಿನಲ್ಲಿ ತೀರಿದ್ದರೆ, ನಮ್ಮ ಸಂಸ್ಥೆಯ ಪುಸ್ತಕದಲ್ಲಿ ಅದು ಸೆಪ್ಟೆಂಬರಿನ ಖರ್ಚೇ. ಹಣ ಕೈಬಿಟ್ಟ ದಿನವೇ ಖರ್ಚು ಎನ್ನುವ ಲೆಕ್ಕದಲ್ಲಿ ಅದು ಅಕ್ಟೋಬರಿನದು. ಹೀಗಿರುವಾಗ ‘ಖರ್ಚು’ ಎಂಬ ಎರಡನೇ ಕಾಲಮ್ಮಿನ ಪದವೇ ಎರಡು ಅರ್ಥ ಕೊಡುತ್ತದೆಯಲ್ಲವೇ? ಒಪ್ಪಂದದಲ್ಲಿ ಯಾವ ಪದ್ಧತಿ ಎಂದಿದೆಯೋ ಅದನ್ನು ವರದಿಯ ತಲೆಯಲ್ಲಿ ಒಂದು ಸಾಲಿನಲ್ಲಿ ಹೇಳದಿದ್ದರೆ ಮಿಕ್ಕ ತಲೆಬರಹಗಳನ್ನು ಎಷ್ಟು ತಿದ್ದಿದರೂ ಸಾಲದು.

ರಾಜಾಜಿನಗರದಿಂದ:

ನಾನಿನ್ನೂ ‘ಉಳಿತಾಯ’ದ ಪರವೇ. ಓದುವವರಿಗೆ ಅಭ್ಯಾಸ ಮಾಡಿಸಿದರೆ ಆಯಿತು. ಆದರೆ ‘ಅಂದಾಜು’ ಎರಡು ಕಡೆ ಬೇಡ ಎಂಬುದನ್ನು ಒಪ್ಪಿದೆ.

ಜಯನಗರದಿಂದ:

ಹೊಸ ತಲೆಬರಹಗಳನ್ನು ಹಾಕಿ, ಮೇಲ್ಗಡೆ “ಈ ವರದಿಯಲ್ಲಿ ಖರ್ಚು ಎಂದರೆ ಹಣ ಪಾವತಿಯಾದದ್ದು” ಎಂಬ ಸಾಲು ಸೇರಿಸಿ ಸೆಪ್ಟೆಂಬರಿನ ವರದಿಯನ್ನು ತಿದ್ದಿ ಕಳಿಸಿದೆ. ಟ್ರಸ್ಟಿನ ಹಿರಿಯರು ಫೋನು ಮಾಡಿ, ಕಡಿತವಾದ ಹಣವನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸುವುದಾಗಿ ತಿಳಿಸಿದರು. ‘ಶಿಲ್ಕು’ ಮಾತ್ರ ಅವರ ಮನೆಯ ಕಿರಿಯರಿಗೆ ಅರ್ಥವಾಗಲಿಲ್ಲವಂತೆ, ಆದ್ದರಿಂದ ಅದರ ಪಕ್ಕದಲ್ಲಿ ‘ಬ್ಯಾಂಕಿನಲ್ಲಿರುವ ಹಣ’ ಎಂದೂ ಬರೆಯಬೇಕೆಂದು ಕೇಳಿಕೊಂಡಿದ್ದಾರೆ.